‘ನಿನ್ನೆ ಹೇಳಿದ್ನಲ್ಲ, ಅದು…’

ಕೆಳಗಿನ ಸಂದೇಶವನ್ನು ಒಮ್ಮೆ ಓದಿ ನೋಡಿ.

“ನಿನ್ನೆ ಮಾತಾಡಿದ್ವಲ್ಲ, ಅದೇ ಕಾರಣ ಅಂತ ಖಾತ್ರಿ ಆಯ್ತು. ಎರಡನೇದನ್ನು ಮುಟ್ಟೋದು ಬೇಡ. ಮೊದಲನೇದನ್ನು ಸರ್ ಹೇಳಿದ ಹಾಗೇ ಬದಲಾಯಿಸಿ. ಹಳೇದು ಆಮೇಲೆ ನೋಡೋಣ. ನಾಳೆಯೊಳಗೆ ಆದರೆ ಒಳ್ಳೇದು.”

ಬರೆದವರ ಕಣ್ಣಲ್ಲಿ ಇದರಲ್ಲಿ ಯಾವ ತಪ್ಪೂ ಇಲ್ಲ. ವಿಷಯ ಇದೆ, ಕೆಲಸ ಇದೆ, ಗಡುವೂ ಇದೆ. ನಿನ್ನೆ ಜೊತೆಗಿದ್ದವರಿಗೆ ಇದು ಪೂರ್ತಿ ಅರ್ಥವಾಗುತ್ತದೆ. ನಿನ್ನೆಯ ಮಾತು ಕೈಯಲ್ಲಿ ಇಲ್ಲದವರಿಗೆ ಮಾತ್ರ ಒಂದು ಸಾಲೂ ಉಪಯೋಗಕ್ಕೆ ಬರುವುದಿಲ್ಲ. ಯಾವ ಕಾರಣ? ಎರಡನೇದು ಅಂದರೆ ಯಾವುದರಲ್ಲಿ ಎರಡನೇದು? ಯಾವ ಸರ್, ಏನು ಹೇಳಿದರು? ‘ನಾಳೆ’ ಕೂಡ ಸುಲಭವಲ್ಲ. ಈ ಸಂದೇಶವನ್ನು ಮರುದಿನ ಬೆಳಗ್ಗೆ ತೆರೆದವರಿಗೆ ನಾಳೆ ಎಂದರೆ ಇವತ್ತೋ, ನಾಳೆಯೋ?

ನಿನ್ನೆಯ ಮಾತು ಕೈತಪ್ಪುವುದಕ್ಕೆ ದೊಡ್ಡ ಕಾರಣ ಏನೂ ಬೇಕಿಲ್ಲ. ಫೋನಿನಲ್ಲಿ ಆಡಿದ ಮಾತಿಗೆ ಬರಹವೇ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ತಾನಾಗೇ ಅಳಿಸಿಹೋಗುವ ಸಂದೇಶದ ಸೌಲಭ್ಯವನ್ನು 24 ಗಂಟೆಗೆ ಇಟ್ಟಿದ್ದರೆ ನಿನ್ನೆಯದು ಇವತ್ತಿಗೆ ಇರುವುದಿಲ್ಲ. ನಿನ್ನೆ ಮಾತಾಡಿದವರು ಇವತ್ತು ರಜೆ ಹಾಕಿರುತ್ತಾರೆ, ಅವರ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ. ಎಷ್ಟೋ ಸಲ ಓದುವವರು ನಿನ್ನೆ ಮಾತಾಡಿದವರೇ ಆಗಿರುತ್ತಾರೆ. ಆದರೆ ನಿಮ್ಮ ಜೊತೆ ಮಾತಾಡಿದ ಮೇಲೆ ಇನ್ನೂ ಹತ್ತು ಜನರ ಜೊತೆ ಮಾತಾಡಿರುತ್ತಾರೆ. ನಮ್ಮ ತಲೆಯಲ್ಲಿ ಇನ್ನೂ ಬಿಸಿಯಾಗಿರುವ ವಿಷಯ ಅವರ ತಲೆಯಲ್ಲಿ ಆಗಲೇ ಆರಿರುತ್ತದೆ.

ಬರೆಯುವವರಿಗೆ ಇದು ಯಾಕೆ ಕಾಣುವುದಿಲ್ಲ? ಸೋಮಾರಿತನ ಅಂತ ಹೇಳಿ ಮುಗಿಸಬಹುದು, ಆದರೆ ನಂಗೆ ಅದು ಸರಿ ಅನ್ನಿಸುವುದಿಲ್ಲ. ತುಂಬ ಜವಾಬ್ದಾರಿಯಿಂದ ಕೆಲಸ ಮಾಡುವವರೇ ಇಂಥ ಸಂದೇಶ ಜಾಸ್ತಿ ಬರೆಯುತ್ತಾರೆ. ವಿಷಯದಲ್ಲಿ ಪೂರ್ತಿ ಮುಳುಗಿದವರು ಅವರೇ ಅಲ್ವಾ?

ಇದರ ಒಳಗುಟ್ಟು ತಿಳಿಯಲು 1986ರಲ್ಲಿ ಮನೋವಿಜ್ಞಾನಿಗಳಾದ ಹರ್ಬರ್ಟ್ ಕ್ಲಾರ್ಕ್ ಮತ್ತು ಡಿಯಾನಾ ವಿಲ್ಕ್ಸ್-ಗಿಬ್ಸ್ ಪ್ರಕಟಿಸಿದ ಒಂದು ಪ್ರಯೋಗ ನೋಡಬೇಕು. ಇಬ್ಬರನ್ನು ನಡುವೆ ಪರದೆ ಹಾಕಿ ಕೂರಿಸುತ್ತಾರೆ. ಇಬ್ಬರ ಮುಂದೆಯೂ ಅವೇ 12 ಚಿತ್ರಗಳು. ಅವು ಟ್ಯಾಂಗ್ರಾಮ್ ಚಿತ್ರಗಳು, ಅಂದರೆ ತ್ರಿಕೋನ ಚೌಕಗಳನ್ನು ಜೋಡಿಸಿ ಮಾಡಿದ ಕಪ್ಪು ಆಕೃತಿಗಳು. ಅವಕ್ಕೆ ಹೆಸರಿಲ್ಲ. ಒಬ್ಬರು ಮಾತಿನಲ್ಲೇ ವಿವರಿಸಬೇಕು, ಇನ್ನೊಬ್ಬರು ಅದೇ ಕ್ರಮದಲ್ಲಿ ಚಿತ್ರಗಳನ್ನು ಜೋಡಿಸಬೇಕು. ಹೀಗೆ ಆರು ಸುತ್ತು.

ಮೊದಲ ಸುತ್ತಿನಲ್ಲಿ ವಿವರಣೆ ಉದ್ದ. ಮಂಜಿನ ಮೇಲೆ ಜಾರುವವರ ಥರ ಕಾಣುತ್ತೆ, ಆದರೆ ಎರಡೂ ಕೈ ಮುಂದಕ್ಕೆ ಚಾಚಿದ್ದಾರೆ, ಹೀಗೆ ಸಾಗುತ್ತದೆ. ಆ ಕಡೆಯವರು ನಡುವೆ ಕೇಳುತ್ತಾರೆ, ಇವರು ತಿದ್ದುತ್ತಾರೆ. ಒಂದು ಚಿತ್ರಕ್ಕೆ ಸರಾಸರಿ 41 ಪದ ಬೇಕಾಗುತ್ತಿತ್ತು. ಆರನೇ ಸುತ್ತಿಗೆ ಅದು 8 ಪದಕ್ಕೆ ಇಳಿಯಿತು. ಕೊನೆಗೆ ‘ಜಾರುವವರು’ ಅಂದರೆ ಸಾಕು, ಚಿತ್ರ ಗೊತ್ತಾಗುತ್ತದೆ.

ಅಂದರೆ ಮಾತಾಡುತ್ತಾ ಮಾತಾಡುತ್ತಾ ನಾವು ಅಡ್ಡಹೆಸರುಗಳನ್ನು ಹುಟ್ಟಿಸುತ್ತೇವೆ. ಎರಡನೇದು, ಆ ಹಳೇ ಫೈಲು, ಸರ್ ಹೇಳಿದ್ದು, ಇವೆಲ್ಲ ಅಂಥವೇ. ಒಂದೊಂದರ ಹಿಂದೆಯೂ ನಾಲ್ಕು ಸಾಲಿನ ವಿವರಣೆ, ಒಂದು ಪ್ರಶ್ನೆ, ಒಂದು ‘ಓ, ಅದಾ!’ ಇರುತ್ತದೆ. ಮರುದಿನ ಬರೆಯುವಾಗ ಕೈಗೆ ಮೊದಲು ಸಿಗುವುದು ಈ ಗಿಡ್ಡ ಹೆಸರು. ಅದರ ಹಿಂದೆ ನಡೆದ ಮಾತುಕತೆ ನಮಗೆ ಗೊತ್ತಿರುವುದರಿಂದ ಹೆಸರಿನ ಒಳಗೇ ಅರ್ಥ ಕೂತಿದೆ ಅನ್ನಿಸುತ್ತದೆ.

ಇಷ್ಟು ಹೇಳಿದರೆ ಕೆಲವರು ಅನ್ನುತ್ತಾರೆ, ಹಾಗಾದರೆ ನಿನ್ನೆಯ ಚಾಟ್ ಪೂರ್ತಿ ಫಾರ್ವರ್ಡ್ ಮಾಡಿಬಿಡಿ, ಅಲ್ಲಿಗೆ ಮುಗೀತು. ನಾನು ಇದಕ್ಕೆ ವಿರುದ್ಧ. ಹದಿನೈದು ಸ್ಕ್ರೀನ್‌ಶಾಟ್ ಒಟ್ಟಿಗೆ ಬಂದು ಬಿದ್ದರೆ ಯಾರಿಗೂ ಖುಷಿ ಆಗುವುದಿಲ್ಲ ಅನ್ನುವುದು ಒಂದು ಕಡೆ ಇರಲಿ. ಮೈಕೇಲ್ ಶೋಬರ್ ಮತ್ತು ಕ್ಲಾರ್ಕ್ 1989ರಲ್ಲಿ ಇಂಥದ್ದೇ ಆಟಕ್ಕೆ ಮೂರನೆಯ ವ್ಯಕ್ತಿಯನ್ನು ಸೇರಿಸಿದರು. ಅವರು ಮೊದಲಿಂದ ಕೊನೆಯವರೆಗೆ ಪ್ರತಿಯೊಂದು ಮಾತನ್ನೂ ಕೇಳಿಸಿಕೊಳ್ಳಬಹುದು, ಆದರೆ ಬಾಯಿ ಹಾಕುವಂತಿಲ್ಲ. ಮಾತಾಡಿದವರಷ್ಟೇ ಮಾತು ಕಿವಿಗೆ ಬಿದ್ದರೂ ಚಿತ್ರ ಗುರುತಿಸುವುದರಲ್ಲಿ ಅವರು ಹಿಂದೆ ಬಿದ್ದರು. ಅರ್ಥವಾಗದ ಕಡೆ ತಡೆದು ಕೇಳುವ ಅವಕಾಶ ಅವರಿಗೆ ಇರಲಿಲ್ಲ. ಮಾತಾಡುತ್ತಿದ್ದವರು ತಮ್ಮ ಎದುರಿನವರಿಗೆ ಅರ್ಥ ಆದ ತಕ್ಷಣ ಮುಂದಕ್ಕೆ ಹೋಗುತ್ತಿದ್ದರು. ಫಾರ್ವರ್ಡ್ ಆದ ಚಾಟ್ ಓದುವವರ ಸ್ಥಿತಿಯೂ ಹೀಗೇ. ಜೊತೆಗೆ ಇನ್ನೊಂದು ತೊಂದರೆ ಇದೆ. ಚಾಟ್‌ನಲ್ಲಿ ತಪ್ಪು ಊಹೆಗಳೂ ಇರುತ್ತವೆ. ಮಧ್ಯದಲ್ಲಿ ‘ಇದೇ ಕಾರಣ ಬಿಡಿ’ ಅಂತ ಯಾರೋ ಅಂದಿರುತ್ತಾರೆ, ಅರ್ಧ ಗಂಟೆ ಬಿಟ್ಟು ಅದು ಅಲ್ಲ ಅಂತ ಗೊತ್ತಾಗಿರುತ್ತದೆ. ಅವಸರದಲ್ಲಿ ಓದುವವರು ಮೊದಲನೆಯದನ್ನೇ ಹಿಡಿದುಕೊಂಡು ಹೋಗುತ್ತಾರೆ.

ಮೇಲಿನ ಸಂದೇಶಕ್ಕೇ ಮರಳೋಣ. ಅದರ ಹಿಂದೆ ಇಂಥ ಒಂದು ಮಾತುಕತೆ ಇತ್ತು ಅಂದುಕೊಳ್ಳಿ. ಆನ್‌ಲೈನಿನಲ್ಲಿ ವ್ಯಾಪಾರ ಮಾಡುವ ಒಂದು ಕಚೇರಿ. ಆಗಸ್ಟ್ ತಿಂಗಳ ಆರ್ಡರ್‌ಗಳನ್ನು ಎರಡು ಕಡೆ ಎಣಿಸಿದ್ದಾರೆ. ವೆಬ್‌ಸೈಟಿನಿಂದ ಬರುವ ವರದಿಯಲ್ಲಿ 4,212. ಅಕೌಂಟ್ಸ್‌ನವರ ಶೀಟಿನಲ್ಲಿ 4,175. ವ್ಯತ್ಯಾಸ 37. ಇಬ್ಬರು ಕೂತು ಹುಡುಕುತ್ತಾರೆ. ಮೊದಲು ರದ್ದಾದ ಆರ್ಡರ್‌ಗಳ ಮೇಲೆ ಅನುಮಾನ. ನೋಡಿದರೆ ಎರಡೂ ಕಡೆ ಅವನ್ನು ತೆಗೆದೇ ಎಣಿಸಿದ್ದಾರೆ. ಎರಡು ಸಲ ದಾಖಲಾದ ಆರ್ಡರ್ ಇರಬಹುದಾ? ಆರ್ಡರ್ ನಂಬರ್ ಹಿಡಿದು ನೋಡಿದರೆ ಒಂದೂ ಇಲ್ಲ.

ಆಮೇಲೆ ಒಬ್ಬರಿಗೆ ಹೊಳೆಯುತ್ತದೆ: ವೆಬ್‌ಸೈಟಿನ ಸರ್ವರ್ ಇಡೀ ಜಗತ್ತಿಗೆ ಒಂದೇ ಆಗಿರುವ ಯುಟಿಸಿ ಸಮಯದಲ್ಲಿ ದಿನಾಂಕ ಹಾಕುತ್ತದೆ, ಅಕೌಂಟ್ಸ್‌ನವರು ಸ್ಥಳೀಯ ಸಮಯದಲ್ಲಿ. ಇಲ್ಲಿಯ ಗಡಿಯಾರ ಯುಟಿಸಿಗಿಂತ ಮುಂದೆ ಇದೆ. ಹಾಗಾಗಿ ಸೆಪ್ಟೆಂಬರ್ 1ರ ನಡುರಾತ್ರಿ ಕಳೆದ ಮೇಲೆ ಬಂದ ಆರ್ಡರ್‌ಗಳಿಗೆ ಸರ್ವರ್‌ನಲ್ಲಿ ಇನ್ನೂ ಆಗಸ್ಟ್ 31. ಎಣಿಸಿದರೆ ಅಂಥವು 52. ಆದರೆ ವ್ಯತ್ಯಾಸ 37 ಅಲ್ವಾ? ಇಲ್ಲಿ ಇಬ್ಬರೂ ಸ್ವಲ್ಪ ಹೊತ್ತು ತಲೆ ಕೆಡಿಸಿಕೊಳ್ಳುತ್ತಾರೆ. ಆಮೇಲೆ ತಿಂಗಳ ಇನ್ನೊಂದು ತುದಿ ನೆನಪಾಗುತ್ತದೆ. ಆಗಸ್ಟ್ 1ರ ನಡುರಾತ್ರಿ ಕಳೆದ ಮೇಲೆ ಬಂದವು ಸರ್ವರ್‌ನಲ್ಲಿ ಜುಲೈ 31ಕ್ಕೆ ಸೇರಿವೆ. ಅವು 15. ಐವತ್ತೆರಡರಲ್ಲಿ ಹದಿನೈದು ಕಳೆದರೆ 37. ಲೆಕ್ಕ ಕೂಡಿತು.

ಮ್ಯಾನೇಜರ್‌ಗೆ ಹೇಳಿದರು. ಅಕೌಂಟ್ಸ್ ಶೀಟ್ ಮುಟ್ಟಬೇಡಿ, ಆ ಅಂಕಿ ಆಗಲೇ ಬಿಲ್ಲಿಂಗ್‌ಗೆ ಹೋಗಿದೆ, ವೆಬ್‌ಸೈಟ್ ವರದಿಯನ್ನೇ ಸ್ಥಳೀಯ ಸಮಯಕ್ಕೆ ತನ್ನಿ ಅಂದರು ಅವರು. ಜುಲೈ ವರದಿಯಲ್ಲೂ ಇದೇ ತಪ್ಪು ಇರುತ್ತದೆ, ಅದನ್ನು ಆಮೇಲೆ ನೋಡೋಣ ಅಂತ ಬಿಟ್ಟರು. ಒಂದು ವಿಷಯ ಮಾತ್ರ ಯಾರೂ ನೋಡಲಿಲ್ಲ. ಫೋನಿನಲ್ಲಿ ಬರುವ ಆರ್ಡರ್‌ಗಳನ್ನು ಸಿಬ್ಬಂದಿ ಕೈಯಾರೆ ತುಂಬುತ್ತಾರೆ. ಅವಕ್ಕೆ ಬೀಳುವ ಸಮಯ ಸರ್ವರ್‌ನದೋ, ಅವರು ಕೈಯಲ್ಲಿ ಬರೆದದ್ದೋ?

ಮರುದಿನ ಆ ಇಬ್ಬರಲ್ಲಿ ಒಬ್ಬರು ರಜೆ. ವರದಿ ಸರಿಮಾಡುವ ಕೆಲಸ ಮೂರನೆಯವರಿಗೆ ಬರುತ್ತದೆ. ಅವರಿಗೆ ಹೋಗಬೇಕಾದ ಸಂದೇಶವನ್ನು ನಾನಾದರೆ ಹೀಗೆ ಬರೆಯುತ್ತೇನೆ:

“ಆಗಸ್ಟ್ ತಿಂಗಳ ಆರ್ಡರ್ ಲೆಕ್ಕದ ವಿಷಯ. ವೆಬ್‌ಸೈಟ್ ವರದಿಯಲ್ಲಿ 4,212 ಇದೆ, ಅಕೌಂಟ್ಸ್ ಶೀಟಿನಲ್ಲಿ 4,175. 37ರ ವ್ಯತ್ಯಾಸಕ್ಕೆ ಕಾರಣ ಸಿಕ್ಕಿದೆ: ವೆಬ್‌ಸೈಟ್ ವರದಿ ಯುಟಿಸಿ ಸಮಯದಲ್ಲಿ ತಿಂಗಳು ಕತ್ತರಿಸುತ್ತದೆ, ಅಕೌಂಟ್ಸ್ ಸ್ಥಳೀಯ ಸಮಯದಲ್ಲಿ. ತಿಂಗಳ ಕೊನೆಗೆ 52 ಜಾಸ್ತಿ ಸೇರಿವೆ, ಮೊದಲಲ್ಲಿ 15 ಬಿಟ್ಟುಹೋಗಿವೆ. ರದ್ದಾದವು, ಎರಡು ಸಲ ದಾಖಲಾದವು ಇರಬಹುದಾ ಅಂತ ನೋಡಿದ್ದೇವೆ, ಇಲ್ಲ. ಮತ್ತೆ ನೋಡಬೇಕಿಲ್ಲ.

ನಿಮ್ಮಿಂದ ಬೇಕಾಗಿರುವುದು: ವೆಬ್‌ಸೈಟ್ ವರದಿಯನ್ನು ಸ್ಥಳೀಯ ಸಮಯಕ್ಕೆ ಬದಲಾಯಿಸಿ, ಗುರುವಾರ ಸೆಪ್ಟೆಂಬರ್ 5ರ ಸಂಜೆಯೊಳಗೆ. ಆಗಸ್ಟ್‌ಗೆ 4,175 ಬಂದರೆ ಸರಿ. ಅಕೌಂಟ್ಸ್ ಶೀಟನ್ನು ದಯವಿಟ್ಟು ಬದಲಾಯಿಸಬೇಡಿ. ಆ ಅಂಕಿ ಬಿಲ್ಲಿಂಗ್‌ಗೆ ಹೋಗಿದೆ ಅಂತ ಮ್ಯಾನೇಜರ್ ಹೇಳಿದ್ದಾರೆ. ಜುಲೈ ವರದಿಯಲ್ಲೂ ಇದೇ ತೊಂದರೆ ಇರಬೇಕು, ಆದರೆ ಅದನ್ನು ಸದ್ಯಕ್ಕೆ ಹಾಗೇ ಬಿಡಲು ತೀರ್ಮಾನ ಆಗಿದೆ.

ಒಂದು ವಿಷಯ ನಾವು ನೋಡಿಲ್ಲ: ಫೋನ್ ಆರ್ಡರ್‌ಗಳಿಗೆ ಯಾವ ಸಮಯ ಬೀಳುತ್ತದೆ ಅನ್ನುವುದು. 4,175 ಬರದಿದ್ದರೆ ಮೊದಲು ಅಲ್ಲಿ ನೋಡಿ.”

ಹಳೆಯದಕ್ಕಿಂತ ಇದು ಉದ್ದ. ಆದರೆ ಉದ್ದವಾಗಿರುವುದು ನಿನ್ನೆಯ ಕಥೆಯಿಂದ ಅಲ್ಲ. ಯಾರಿಗೆ ಯಾವಾಗ ಹೊಳೆಯಿತು, 52 ಬಂದಾಗ ಎಷ್ಟು ತಲೆ ಕೆಟ್ಟಿತು, ಅವು ಇಲ್ಲಿ ಬಂದೇ ಇಲ್ಲ. ನಿನ್ನೆಯ ಮಾತು ಹೇಳುವಾಗ ನಾವು ನಡೆದ ಕ್ರಮದಲ್ಲೇ ಹೇಳಲು ಹೋಗುತ್ತೇವೆ, ಯಾಕೆಂದರೆ ನೆನಪು ಹಾಗೇ ಜೋಡಣೆ ಆಗಿರುತ್ತದೆ. ಓದುವವರಿಗೆ ಬೇಕಾಗಿರುವುದು ಆ ಮಾತು ಎಲ್ಲಿ ಬಂದು ನಿಂತಿತು ಅನ್ನುವುದು.

ಇದರಲ್ಲಿ ಎರಡು ಭಾಗಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಜನ ಸಾಮಾನ್ಯವಾಗಿ ಬಿಡುವುದು ಇವನ್ನೇ. ಒಂದು, ಅಲ್ಲ ಅಂತ ಗೊತ್ತಾದ ವಿಷಯಗಳು. ನಿನ್ನೆ ಒಂದು ಗಂಟೆ ಕೂತು ರದ್ದಾದ ಆರ್ಡರ್‌ಗಳನ್ನು ನೋಡಿದ್ದೀರಿ, ಏನೂ ಸಿಗಲಿಲ್ಲ. ಸಿಗದಿದ್ದದ್ದನ್ನು ಏನು ಬರೆಯೋದು ಅಂತ ಬಿಟ್ಟುಬಿಡುತ್ತೀರಿ. ಹೊಸದಾಗಿ ಕೈಹಾಕಿದವರಿಗೆ ಮೊದಲು ಹೊಳೆಯುವುದೂ ಅದೇ. ಅವರೂ ಒಂದು ಗಂಟೆ ಕೂರುತ್ತಾರೆ. ‘ನೋಡಿದ್ದೇವೆ, ಇಲ್ಲ’ ಅನ್ನುವ ಎರಡು ಪದ ಆ ಗಂಟೆಯನ್ನು ಉಳಿಸುತ್ತದೆ.

ಇನ್ನೊಂದು, ಮಾತಿನ ಗಟ್ಟಿತನ. ಬಾಯಿಮಾತಿನಲ್ಲಿ ದನಿಯಿಂದಲೇ ಗೊತ್ತಾಗುತ್ತದೆ, ಇವರು ಖಚಿತವಾಗಿ ಹೇಳುತ್ತಿದ್ದಾರೋ, ಸುಮ್ನೆ ಊಹೆ ಹೇಳುತ್ತಿದ್ದಾರೋ ಅಂತ. ಬರೆದಾಗ ಎಲ್ಲವೂ ಒಂದೇ ಬಣ್ಣಕ್ಕೆ ಬರುತ್ತದೆ. ಮೇಲಿನ ಸಂದೇಶದಲ್ಲಿ ಆಗಸ್ಟ್‌ನ ಕಾರಣ ‘ಸಿಕ್ಕಿದೆ’, ಯಾಕೆಂದರೆ ಎಣಿಸಿ ನೋಡಿದ್ದಾರೆ. ಜುಲೈನಲ್ಲಿ ತೊಂದರೆ ‘ಇರಬೇಕು’, ಯಾಕೆಂದರೆ ಯಾರೂ ಎಣಿಸಿಲ್ಲ. ಫೋನ್ ಆರ್ಡರ್ ‘ನೋಡಿಲ್ಲ’. ಮೂರೂ ಬೇರೆ ಬೇರೆ. ಜುಲೈ ಬಗ್ಗೆಯೂ ‘ಇದೆ’ ಅಂತ ಬರೆದಿದ್ದರೆ ಇನ್ನೊಂದು ವಾರಕ್ಕೆ ಅದು ಎಣಿಸಿ ನೋಡಿದ ಸತ್ಯ ಆಗಿಬಿಡುತ್ತಿತ್ತು.

ಏನೂ ಹೇಳದೆ ಹೋದರೆ ಓದುವವರಿಗೆ ಗೊತ್ತಾಗುತ್ತದೆ, ಅವರು ಕೇಳುತ್ತಾರೆ. ಅರ್ಧ ಹೇಳಿದಾಗ ಕೇಳುವುದಿಲ್ಲ. ನನ್ನ ಪ್ರಕಾರ ಹೆಚ್ಚು ಅಪಾಯ ಇರುವುದು ಅಲ್ಲಿ. ಪೈಪರ್ ಆಲ್ಫಾ ದುರಂತದ ವಿವರ ಓದಿದಾಗಿನಿಂದ ಈ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ. ಅದು ಉತ್ತರ ಸಮುದ್ರದಲ್ಲಿ ತೈಲ ಮತ್ತು ಅನಿಲ ತೆಗೆಯುತ್ತಿದ್ದ ಅಟ್ಟಣೆ. 1988ರ ಜುಲೈ 6ರ ರಾತ್ರಿ ಅಲ್ಲಿ ಸ್ಫೋಟವಾಗಿ 167 ಜನ ಸತ್ತರು.

ಅಲ್ಲಿ ದ್ರವರೂಪದ ಅನಿಲವನ್ನು ನೂಕಲು ಎ ಮತ್ತು ಬಿ ಅಂತ ಎರಡು ಪಂಪ್ ಇದ್ದವು. ಹಗಲಿನ ಪಾಳಿಯಲ್ಲಿ ಎ ಪಂಪ್ ನಿಲ್ಲಿಸಲಾಗಿತ್ತು. ಅದಕ್ಕೆ ಸಂಬಂಧಪಟ್ಟ ಎರಡು ಕೆಲಸ ಇದ್ದವು. ಒಂದು, ಪಂಪ್‌ನ ದೊಡ್ಡ ದುರಸ್ತಿ, ಅದು ಇನ್ನೂ ಶುರುವಾಗಿರಲಿಲ್ಲ. ಇನ್ನೊಂದು, ಅದರ ಸುರಕ್ಷತಾ ವಾಲ್ವ್‌ನ ಪರೀಕ್ಷೆ. ವಾಲ್ವ್ ಬಿಚ್ಚಿದ್ದರು, ಆದರೆ ಸಂಜೆಯೊಳಗೆ ಮರಳಿ ಹಾಕಲು ಆಗಲಿಲ್ಲ. ಆ ತೆರೆದ ಜಾಗಕ್ಕೆ ತಾತ್ಕಾಲಿಕವಾಗಿ ಒಂದು ಲೋಹದ ಮುಚ್ಚಳ ಹಾಕಿ ಬಿಟ್ಟರು. ಎರಡು ಕೆಲಸಕ್ಕೂ ಬೇರೆ ಬೇರೆ ಪರವಾನಗಿ ಚೀಟಿ. ರಾತ್ರಿ ಪಾಳಿಯವರಿಗೆ ದುರಸ್ತಿಯ ವಿಷಯ ಗೊತ್ತಿತ್ತು. ವಾಲ್ವ್ ಇಲ್ಲ ಅನ್ನುವ ವಿಷಯ ತಲುಪಿರಲಿಲ್ಲ.

ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಬಿ ಪಂಪ್ ನಿಂತುಹೋಯಿತು, ಮತ್ತೆ ಶುರುವಾಗಲಿಲ್ಲ. ರಾತ್ರಿಯವರು ಯೋಚಿಸಿದ್ದರಲ್ಲಿ ಒಂದು ತಪ್ಪೂ ಇಲ್ಲ. ಎ ಪಂಪ್ ದುರಸ್ತಿ ಇನ್ನೂ ಶುರುವಾಗಿಲ್ಲ, ಅಂದಮೇಲೆ ಪಂಪ್ ಚೆನ್ನಾಗೇ ಇದೆ, ಅದನ್ನು ಚಾಲೂ ಮಾಡಬಹುದು. ಅವರ ಕೈಗೆ ಬಂದ ಮಾಹಿತಿ ನಿಜವೇ ಆಗಿತ್ತು. ಆದರೆ ಅದು ಅರ್ಧ ಅಂತ ತಿಳಿಯಲು ಅದರಲ್ಲಿ ಯಾವ ಗುರುತೂ ಇರಲಿಲ್ಲ. ಎ ಪಂಪ್ ಚಾಲೂ ಮಾಡಿದಾಗ ವಾಲ್ವ್ ಇಲ್ಲದ ಆ ಜಾಗದಿಂದ ಅನಿಲ ಸೋರಿ ಸ್ಫೋಟವಾಯಿತು. ನಂತರ ಲಾರ್ಡ್ ಕಲ್ಲೆನ್ ನಡೆಸಿದ ತನಿಖೆಯ ವರದಿ 1990ರಲ್ಲಿ ಬಂತು. ಪರವಾನಗಿ ವ್ಯವಸ್ಥೆ ಮತ್ತು ಪಾಳಿ ಬದಲಾಗುವಾಗ ಮಾತು ದಾಟಿಸುವ ರೀತಿ ಎರಡನ್ನೂ ಅದು ಕಟುವಾಗಿ ಟೀಕಿಸಿತು.

ನಮ್ಮ ಆರ್ಡರ್ ಲೆಕ್ಕದಲ್ಲಿ ಯಾರ ಜೀವವೂ ಹೋಗುವುದಿಲ್ಲ, ನಿಜ. ಆದರೆ ತೊಡಕಿನ ಆಕಾರ ಅದೇ. ‘ವೆಬ್‌ಸೈಟ್ ವರದಿ ಸರಿಮಾಡಿ’ ಅಂತ ಮಾತ್ರ ಹೇಳಿ, ‘ಅಕೌಂಟ್ಸ್ ಶೀಟ್ ಮುಟ್ಟಬೇಡಿ’ ಅನ್ನುವುದನ್ನು ಬಿಟ್ಟರೆ ಏನಾಗುತ್ತದೆ? ಒಳ್ಳೆ ಮನಸ್ಸಿನ ಸಹೋದ್ಯೋಗಿ ಎರಡನ್ನೂ ಸೇರಿಸಿ ಸರಿಮಾಡಿಬಿಡುತ್ತಾರೆ. ಒಂದು ಕೆಲಸ ಅರ್ಧಕ್ಕೆ ನಿಂತಿದ್ದರೆ, ಯಾವುದು ಬಿಚ್ಚಿಟ್ಟಿದೆ, ಯಾವುದನ್ನು ಮುಟ್ಟಬಾರದು ಅನ್ನುವುದನ್ನು ಎಲ್ಲಕ್ಕಿಂತ ಮೊದಲು ದಾಟಿಸಬೇಕು. ಕಾರಣವನ್ನೂ ಜೊತೆಗೇ ಕೊಟ್ಟರೆ ಒಳ್ಳೆಯದು. ‘ಬಿಲ್ಲಿಂಗ್‌ಗೆ ಹೋಗಿದೆ’ ಅಂತ ಗೊತ್ತಿದ್ದವರು ನಾಳೆ ಬೇರೆ ಪರಿಸ್ಥಿತಿ ಬಂದಾಗಲೂ ಸರಿಯಾಗಿ ನಡೆದುಕೊಳ್ಳುತ್ತಾರೆ. ಬರೀ ‘ಬೇಡ’ ಅಂದರೆ ಎಲ್ಲಿಯವರೆಗೆ ಬೇಡ ಅಂತ ಗೊತ್ತಾಗುವುದಿಲ್ಲ.

ಇನ್ನು ಮಾತು ದಾಟಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ‘ಸರಿ’, ‘ಓಕೆ’, ಒಂದು ಹೆಬ್ಬೆರಳು, ಇವು ಏನನ್ನೂ ಹೇಳುವುದಿಲ್ಲ. ಅರ್ಥವಾದವರೂ ಅದನ್ನೇ ಕಳಿಸುತ್ತಾರೆ, ಅರ್ಥವಾಗದೆ ಕೇಳಲು ಮುಜುಗರ ಪಟ್ಟವರೂ ಅದನ್ನೇ ಕಳಿಸುತ್ತಾರೆ. ಆಸ್ಪತ್ರೆಗಳಲ್ಲಿ ವೈದ್ಯರು ಪಾಳಿ ಬದಲಾಗುವಾಗ ರೋಗಿಯ ವಿಷಯ ಒಪ್ಪಿಸಲು ಐ-ಪಾಸ್ ಅನ್ನುವ ಒಂದು ಕ್ರಮ ಇದೆ. ರೋಗಿಯ ಸ್ಥಿತಿ ಎಷ್ಟು ಗಂಭೀರ, ಈವರೆಗೆ ಏನಾಗಿದೆ, ಮುಂದೆ ಏನು ಮಾಡಬೇಕು, ಹೀಗಾದರೆ ಏನು ಮಾಡಬೇಕು, ಇಷ್ಟನ್ನು ಒಪ್ಪಿಸುವವರು ಹೇಳುತ್ತಾರೆ. ಕೊನೆಯ ಹೆಜ್ಜೆ ತೆಗೆದುಕೊಳ್ಳುವವರದ್ದು: ಕೇಳಿದ್ದನ್ನು ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅಮೆರಿಕ ಮತ್ತು ಕೆನಡಾದ 9 ಆಸ್ಪತ್ರೆಗಳಲ್ಲಿ ಈ ಕ್ರಮ ತಂದ ಮೇಲೆ ವೈದ್ಯಕೀಯ ತಪ್ಪುಗಳು 23% ಕಡಿಮೆಯಾದವು ಅಂತ 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ತಿರುಗಿ ಹೇಳಿಸಿದ್ದರಿಂದಲೇ ಅಷ್ಟೂ ಆಯಿತು ಅನ್ನುವಂತಿಲ್ಲ, ತರಬೇತಿ ಇತ್ತು, ಬರೆದು ಒಪ್ಪಿಸುವ ರೀತಿಯನ್ನೂ ಬದಲಾಯಿಸಿದ್ದರು. ಆದರೂ ಆ ಕೊನೆಯ ಹೆಜ್ಜೆ ನನಗೆ ತುಂಬ ಹಿಡಿಸಿತು. ಪರದೆಯ ಆಚೆ ಸುಮ್ಮನೆ ಕೇಳುತ್ತಿದ್ದ ಮೂರನೆಯವರಿಗೆ ಬಾಯಿ ಕೊಡುವ ಹೆಜ್ಜೆ ಅದು.

ಸಂದೇಶ ಬರೆಯುವಾಗ ‘ಅರ್ಥ ಆಯ್ತಾ, ತಿರುಗಿ ಹೇಳಿ’ ಅಂದರೆ ಪರೀಕ್ಷೆ ಮಾಡಿದ ಹಾಗೆ ಇರುತ್ತದೆ, ಹಿರಿಯರಿಗಂತೂ ಹೇಳಲು ಆಗುವುದಿಲ್ಲ. ಅದರ ಬದಲು ಉತ್ತರದಲ್ಲೇ ವಿಷಯ ಬರುವಂಥ ಪ್ರಶ್ನೆ ಕೇಳಬಹುದು. ‘ಮೊದಲು ಯಾವುದರಿಂದ ಶುರು ಮಾಡ್ತೀರಿ?’ ಅಂತ ಕೇಳಿದರೆ ‘ಓಕೆ’ ಅಂತ ಬರೆದು ತಪ್ಪಿಸಿಕೊಳ್ಳಲು ಆಗುವುದಿಲ್ಲ. ‘ಎರಡೂ ಶೀಟ್ ನೋಡ್ತೀನಿ’ ಅಂತ ಉತ್ತರ ಬಂದರೆ, ಎಲ್ಲಿ ಜಾರಿದೆ ಅಂತ ಆಗಲೇ ಗೊತ್ತಾಗುತ್ತದೆ.

ಇಂಥ ಸಂದೇಶ ನಮ್ಮ ಕೈಗೇ ಬಂದಾಗಲೂ ಇದೇ ದಾರಿ. ‘ಏನೂ ಅರ್ಥ ಆಗ್ಲಿಲ್ಲ’ ಅಂತ ಬರೆದರೆ ಕಳಿಸಿದವರು ಅದೇ ಸಾಲುಗಳನ್ನು ಇನ್ನೊಮ್ಮೆ ಕಳಿಸುತ್ತಾರೆ, ಬೇಕಿದ್ದರೆ ದಪ್ಪ ಅಕ್ಷರದಲ್ಲಿ. ಅವರಿಗೆ ಅದರಲ್ಲಿ ಏನು ಕಡಿಮೆ ಇದೆ ಅಂತ ಕಾಣುವುದೇ ಇಲ್ಲ. ನಾವೇ ಒಂದು ಊಹೆ ಮಾಡಿ ಮುಂದಿಟ್ಟರೆ ಬೇಗ ದಾರಿ ಸಿಗುತ್ತದೆ. ‘ಎರಡನೇದು ಅಂದರೆ ಅಕೌಂಟ್ಸ್ ಶೀಟ್ ಅಲ್ವಾ? ಅದನ್ನು ಬಿಟ್ಟು ವೆಬ್‌ಸೈಟ್ ವರದಿ ಮಾತ್ರ ಬದಲಾಯಿಸ್ತೀನಿ, ಸರಿನಾ?’ ಊಹೆ ತಪ್ಪಿದ್ದರೆ ಅವರು ತಕ್ಷಣ ತಿದ್ದುತ್ತಾರೆ.

ಎಲ್ಲ ಸಂದೇಶಕ್ಕೂ ಇಷ್ಟು ಮಾಡಬೇಕಾ ಅಂದರೆ, ಬೇಡ. ಊಟಕ್ಕೆ ಎಷ್ಟು ಹೊತ್ತಿಗೆ ಸೇರೋಣ ಅನ್ನುವುದಕ್ಕೆ ಹಿನ್ನೆಲೆ ಬರೆದರೆ ಜನ ನಗುತ್ತಾರೆ. ನಿನ್ನೆಯಿಂದ ಇವತ್ತಿನವರೆಗೂ ಜೊತೆಗೇ ಕೂತು ಕೆಲಸ ಮಾಡುತ್ತಿರುವವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರೆ ಇವರಿಗೆ ನನ್ನ ಮೇಲೆ ನಂಬಿಕೆ ಇಲ್ವಾ ಅನ್ನಿಸುತ್ತದೆ. ನಾನು ನೋಡುವುದು ಇಷ್ಟೇ: ಈ ಸಂದೇಶ ತಪ್ಪಾಗಿ ಅರ್ಥವಾದರೆ ತಿದ್ದಲು ನಾನು ಅಲ್ಲಿ ಇರುತ್ತೇನಾ? ಇರುತ್ತೇನೆ ಅಂದರೆ ಗಿಡ್ಡ ಹೆಸರುಗಳೇ ಸಾಕು. ನಾನು ಮಲಗಿರುವಾಗ, ಪ್ರಯಾಣದಲ್ಲಿರುವಾಗ ಅಥವಾ ಬೇರೆ ಕೆಲಸಕ್ಕೆ ಹೋದ ಮೇಲೆ ಅವರು ಅದನ್ನು ಓದಿ ಕೈಹಾಕುವುದಾದರೆ ‘ಎರಡನೇದು’ ಹೋಗಿ ‘ಅಕೌಂಟ್ಸ್ ಶೀಟ್’ ಬರಬೇಕು, ‘ನಾಳೆ’ ಹೋಗಿ ‘ಗುರುವಾರ ಸಂಜೆ’ ಬರಬೇಕು. ‘ಸರ್ ಹೇಳಿದ ಹಾಗೆ’ ಅನ್ನುವ ಕಡೆ, ಸರ್ ಏನು ಹೇಳಿದರು ಅನ್ನುವುದೇ ಬರಬೇಕು.